ಸೋಯಾಬೀನ್ ಬೀಜ ಸರಿಯಾಗಿ ಮೊಳೆಯದ ಬಗ್ಗೆ ದೂರು, ಪರಿಹಾರಕ್ಕೆ ಮನವಿ

ದಿನಾಂಕ: 24-06-2024

ಇವರಿಂದ:
ಬಸವರಾಜ, ರೈತ
ಗರಗ ಹೋಬಳಿ, ಧಾರವಾಡ ತಾಲ್ಲೂಕು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ

ಮಾನ್ಯರೇ,

ಮೇ 28ರಂದು ಧಾರವಾಡದ ನಿಮ್ಮ ಅಧಿಕೃತ ಮಾರಾಟಗಾರರ ಅಂಗಡಿಯಲ್ಲಿ ಜೆಎಸ್ 335 ಸೋಯಾಬೀನ್ ಬೀಜದ 30 ಕೆಜಿಯ ನಾಲ್ಕು ಚೀಲ ಕೊಂಡೆ. ಬಿಲ್ ನಂಬರ್ 1186. ಚೀಲಕ್ಕೆ ₹3,300ರಂತೆ ₹13,200 ಕೊಟ್ಟಿದ್ದೇನೆ. ಮೂರು ಚೀಲದ ಲಾಟ್ ನಂಬರ್ 24-0417, ಒಂದರದ್ದು 24-0389. ಕೊಳ್ಳುವಾಗ ಇದನ್ನು ನಾನು ಗಮನಿಸಿರಲಿಲ್ಲ. ಈಗ ನೋಡಿದರೆ ಎಲ್ಲಾ ವಿಷಯವೂ ಅಲ್ಲೇ ಇದೆ.

ಮಿರಗದ ಮಳೆಗೆ ಹೊಲ ಹದವಾಗಿತ್ತು. ಸೋಮವಾರ ಎತ್ತು ಹೂಡುವುದಿಲ್ಲವೆಂದು ಒಂದು ದಿನ ತಡೆದು, ಜೂನ್ 11ರ ಮಂಗಳವಾರ ಕೂರಿಗೆಯಿಂದ ನಾಲ್ಕೂ ಎಕರೆ ಬಿತ್ತಿದೆವು. ಸರ್ವೆ ನಂಬರ್ 84/2, ಎರೆ ಹೊಲ. ಎಕರೆಗೆ 28 ಕೆಜಿ ಬೀಜ, ಒಂದು ಚೀಲ ಡಿಎಪಿ. ಮೂಡಣ ಬದಿಯ ಒಂದು ಎಕರೆಗೆ 0389 ಹೋಯಿತು, ಉಳಿದ ಮೂರಕ್ಕೆ 0417.

ಆರನೇ ದಿನ ಹೊಲಕ್ಕೆ ಹೋದಾಗ ಮೂಡಣ ಬದಿಯಲ್ಲಿ ಸಾಲು ಎದ್ದು ಕಾಣುತ್ತಿತ್ತು. ಈ ಕಡೆಯ ಮೂರು ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು ಸಸಿ. ಕೆದರಿ ನೋಡಿದೆ. ಎರಡು ಬೆರಳ ಆಳದಲ್ಲಿ ಕಾಳು ಉಬ್ಬಿ ಕೂತಿದೆ, ಬೇರು ಬಿಟ್ಟಿಲ್ಲ. ಹಿಚುಕಿದರೆ ಮೆತ್ತಗಾಗಿ ಕೊಳೆತ ನಾತ ಬರುತ್ತದೆ. ಸಿಪ್ಪೆ ಸೀಳಿದ ಕಾಳುಗಳೇ ಜಾಸ್ತಿ.

ಒಂದು ಮೀಟರಿನ ಕೋಲು ಹಿಡಿದು ಎರಡೂ ಕಡೆ ಹತ್ತತ್ತು ಜಾಗದಲ್ಲಿ ಸಸಿ ಎಣಿಸಿದೆ. 0389 ಬಿತ್ತಿದಲ್ಲಿ ಮೀಟರಿಗೆ ಸರಾಸರಿ 13, 0417 ಬಿತ್ತಿದಲ್ಲಿ ಬರೀ 5. ಎರಡೂ ಚೀಲದಲ್ಲಿ ಬೀಜ ಸ್ವಲ್ಪ ಉಳಿದಿತ್ತು. ಜೂನ್ 17ರಂದು ನೂರು ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟೆ. ನಿನ್ನೆ ಬಿಚ್ಚಿದಾಗ 0389ರಲ್ಲಿ 79 ಮೊಳೆತಿದ್ದವು, 0417ರಲ್ಲಿ 31. ನಿಮ್ಮ ಲೇಬಲ್ ಮೇಲೆ ಕನಿಷ್ಠ 70 ಎಂದಿದೆ. ಬಿತ್ತುವ ಮೊದಲೇ ಹೀಗೆ ನೋಡಬೇಕಿತ್ತು ಅನ್ನಿ, ಅದು ನನ್ನ ತಪ್ಪೇ. ಆದರೆ ಲೇಬಲ್ ಹಚ್ಚುವುದು ನಂಬಲಿ ಅಂತಲೇ ಅಲ್ವಾ?

21ರಂದು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಬಂದು ಹೊಲ ನೋಡಿದರು. ಅಕ್ಕಪಕ್ಕದ ಇಬ್ಬರು ರೈತರ ಸಹಿಯೊಂದಿಗೆ ಪಂಚನಾಮೆ ಆಗಿದೆ. ಉಳಿದ ಬೀಜದ ಮಾದರಿಯನ್ನು ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ.

ಮರುದಿನ ನಿಮ್ಮ ಪ್ರತಿನಿಧಿಯೂ ಬಂದಿದ್ದರು. ಬದುವಿನ ಮೇಲೆ ನಿಂತೇ, "ಮಳೆ ಜಾಸ್ತಿ ಆಗಿ ಮಣ್ಣು ಹೆಪ್ಪುಗಟ್ಟಿದೆ, ಆಳಕ್ಕೆ ಬಿತ್ತಿದ್ದೀರಿ" ಎಂದರು. ಮಳೆ, ಮಣ್ಣು, ಕೂರಿಗೆ, ಎತ್ತು, ಬಿತ್ತಿದ ಕೈ ಎಲ್ಲಾ ಒಂದೇ. ಹಾಗಾದರೆ ಮೂಡಣ ಬದಿಯ ಎಕರೆ ಹೇಗೆ ಎದ್ದಿತು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಒಂದು ಚೀಲ ಬೀಜ ಪುಕ್ಕಟೆ ಕೊಡುತ್ತೇವೆ, ದೂರು ಇಲ್ಲವೆಂದು ಬರೆದ ಕಾಗದಕ್ಕೆ ಸಹಿ ಹಾಕಿ ಎಂದರು. ನಾನು ಹಾಕಲಿಲ್ಲ.

ನನಗಾದ ನಷ್ಟ ಹೀಗಿದೆ. ಮೂರು ಚೀಲ ಬೀಜಕ್ಕೆ ₹9,900. ಮೂರು ಚೀಲ ಡಿಎಪಿಗೆ ₹4,050. ಬಿತ್ತನೆಯ ಎತ್ತು, ಆಳು ಸೇರಿ ₹3,600. ಮತ್ತೆ ಹರಗಿ ಹದ ಮಾಡಲು ₹3,000. ಇಷ್ಟಕ್ಕೇ ಮುಗಿಯುವುದಿಲ್ಲ. ಮರುಬಿತ್ತನೆ ಮೂರು ವಾರ ತಡವಾಗುತ್ತದೆ, ಹಿಂಗಾರಿಯ ಕಡಲೆಯೂ ಹಿಂದೆ ಬೀಳುತ್ತದೆ. ಹೋದ ಸಲ ಎಕರೆಗೆ 7 ಕ್ವಿಂಟಲ್ ಬೆಳೆದ ಹೊಲ ಇದು. ಕಡಲೆಯ ಮಾತು ಬಿಟ್ಟು, ಸೋಯಾಬೀನಿನಲ್ಲಿ ಎಕರೆಗೆ 2 ಕ್ವಿಂಟಲ್ ಮಾತ್ರ ಕಡಿಮೆ ಹಿಡಿದಿದ್ದೇನೆ. ಈ ವರ್ಷದ ಬೆಂಬಲ ಬೆಲೆ ₹4,892ರಂತೆ 6 ಕ್ವಿಂಟಲಿಗೆ ₹29,352. ಒಟ್ಟು ₹49,902. ಈ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ.

15 ದಿನದೊಳಗೆ ಲಿಖಿತ ಉತ್ತರ ಕೊಡಿ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕೋರ್ಟಿಗೆ ಅಲೆಯುವ ಆಸೆ ನನಗಿಲ್ಲ. ಇದೇ ಲಾಟ್ ಬೇರೆ ಊರಿಗೂ ಹೋಗಿರಬಹುದು. ಅಂಗಡಿಯಲ್ಲಿ ಉಳಿದಿದ್ದರೆ ಮೊದಲು ಅದನ್ನು ವಾಪಸ್ ತರಿಸಿ.

ಹದ ಆರುವ ಮೊದಲು, ಜುಲೈ 2ರಂದು ಹೊಲ ಹರಗುತ್ತೇನೆ. ಅದಕ್ಕಿಂತ ಜಾಸ್ತಿ ಕಾಯಲು ಆಗುವುದಿಲ್ಲ. ಅಷ್ಟರೊಳಗೆ ನಿಮ್ಮ ತಜ್ಞರು ಬಂದು ನೋಡಬಹುದು. ತಡವಾಗಿ ಬಂದರೂ ಕಾಣಲಿ ಎಂದು ಎರಡೂ ಲಾಟ್ ಕೂಡುವ ಕಡೆ ನಾಲ್ಕು ನಾಲ್ಕು ಸಾಲು ಹಾಗೇ ಬಿಡುತ್ತೇನೆ. ಬರುವ ಹಿಂದಿನ ದಿನ ಫೋನ್ ಮಾಡಿ, ನಂಬರ್ ಬಿಲ್ಲಿನಲ್ಲಿದೆ.

ಇಂತಿ,
ಬಸವರಾಜ
(ಸಹಿ)

ಲಗತ್ತು: ಬಿಲ್ಲಿನ ನಕಲು, ಎರಡೂ ಲಾಟಿನ ಚೀಲ ಮತ್ತು ಲೇಬಲ್ ಫೋಟೋ, ತಾರೀಖು ಕಾಣುವ ಹೊಲದ 12 ಫೋಟೋ, ಗೋಣಿಚೀಲದ ಪರೀಕ್ಷೆಯ ಫೋಟೋ, ಪಂಚನಾಮೆ ನಕಲು, ಪಹಣಿ, ಬ್ಯಾಂಕ್ ಪಾಸ್‌ಬುಕ್ ನಕಲು. ಖಾಲಿ ಚೀಲ, ಮೂಲ ಲೇಬಲ್, ಉಳಿದ ಬೀಜ ನನ್ನ ಹತ್ತಿರವೇ ಇವೆ.

ಪ್ರತಿ: ಸಹಾಯಕ ಕೃಷಿ ನಿರ್ದೇಶಕರು, ಧಾರವಾಡ