ಆರ್ಡರ್ ಮಾಡಿದ್ದು ರೈಜೆನ್ 7 5700X, ಬಂದಿದ್ದು ರೈಜೆನ್ 7 5700: ಬದಲಿ ಕೋರಿ ದೂರು

ರಾಣೆಬೆನ್ನೂರು
18 ನವೆಂಬರ್ 2025

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಎಸ್.ಪಿ. ರಸ್ತೆ, ಬೆಂಗಳೂರು

ವಿಷಯ: ಆರ್ಡರ್ ಸಂಖ್ಯೆ 25111-04873ರಲ್ಲಿ ಬೇರೆ ಮಾಡೆಲ್‌ನ ಪ್ರೊಸೆಸರ್ ಕಳಿಸಿರುವ ಬಗ್ಗೆ

ಮಾನ್ಯರೇ,

ನವೆಂಬರ್ 10ರಂದು ನಿಮ್ಮ ವೆಬ್‌ಸೈಟಿನಲ್ಲಿ ಎಎಂಡಿ ರೈಜೆನ್ 7 5700X ಪ್ರೊಸೆಸರ್ ಆರ್ಡರ್ ಮಾಡಿ, ಯುಪಿಐ ಮೂಲಕ ₹13,499 ಪೂರ್ತಿ ಕಟ್ಟಿದ್ದೇನೆ. 14ರಂದು ಪಾರ್ಸೆಲ್ ಬಂತು. ಒಳಗಿದ್ದದ್ದು ರೈಜೆನ್ 7 5700. ನಿಮ್ಮದೇ ಬಿಲ್ಲಿನಲ್ಲಿ 5700X ಅಂತಲೇ ಇದೆ. ಅಂದರೆ ಆರ್ಡರ್ ಸರಿಯಾಗಿದೆ, ಬಿಲ್ ಸರಿಯಾಗಿದೆ, ಡಬ್ಬಿಗೆ ಹಾಕಿದ ಮಾಲು ಮಾತ್ರ ಬೇರೆ.

ಇದನ್ನು ಕಂಡುಹಿಡಿಯಲು ಚಿಪ್ಪನ್ನು ಬೋರ್ಡಿಗೆ ಕೂರಿಸುವ ಅಗತ್ಯವೇ ಬೀಳಲಿಲ್ಲ. ಎಎಂಡಿ ಡಬ್ಬಿಯ ಪಕ್ಕದಲ್ಲಿ ಒಂದು ಚಿಕ್ಕ ಕಿಟಕಿ ಇರುತ್ತದೆ, ಅದರೊಳಗೆ ಚಿಪ್ಪಿನ ಲೋಹದ ಮುಚ್ಚಳ ಕಾಣುತ್ತದೆ. ಅದರ ಮೇಲೆ "Ryzen 7 5700" ಅಂತ ಕೆತ್ತಿದೆ. ಡಬ್ಬಿಯ ಲೇಬಲ್ ಮೇಲಿನ ಪಾರ್ಟ್ ನಂಬರ್ 100-100000743BOX. ನಾನು ಕೇಳಿದ ಮಾಡೆಲ್‌ನ ಪಾರ್ಟ್ ನಂಬರ್ 100-100000926WOF. ಸೀಲ್ ಒಡೆದಿಲ್ಲ. ಇವತ್ತಿಗೂ ಡಬ್ಬಿ ಹಾಗೆಯೇ ಮೇಜಿನ ಮೇಲಿದೆ. ನಿಮ್ಮ ಪಾರ್ಸೆಲ್ಲಿನ ಟೇಪ್ ಕತ್ತರಿಸುವುದರಿಂದ ಹಿಡಿದು ಲೇಬಲ್ ಹತ್ತಿರದಿಂದ ತೋರಿಸುವವರೆಗೆ ಕಟ್ ಇಲ್ಲದ ವಿಡಿಯೋ ಇದೆ, ಇದರ ಜೊತೆ ಕಳಿಸುತ್ತಿದ್ದೇನೆ.

ಅವತ್ತೇ ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಅಲ್ಲಿಂದ ಬಂದ ಉತ್ತರದಿಂದಾಗಿಯೇ ಈ ಪತ್ರ ಬರೆಯಬೇಕಾಯಿತು. "ಎರಡೂ ಒಂದೇ ಸರಣಿ ಸರ್, ಎರಡರಲ್ಲೂ 8 ಕೋರ್, 16 ಥ್ರೆಡ್. ಇದರ ಬೇಸ್ ಸ್ಪೀಡ್ 3.7 ಗಿಗಾಹರ್ಟ್ಸ್, 5700Xಗಿಂತ ಜಾಸ್ತಿನೇ ಇದೆ. ಮೇಲಾಗಿ ಕೂಲರ್ ಫ್ರೀ. ಪ್ರೊಸೆಸರ್‌ಗೆ ರಿಟರ್ನ್ ಇಲ್ಲ, ಬೇಕಾದರೆ ₹500 ಕೂಪನ್ ಕೊಡುತ್ತೇವೆ" ಅಂದರು.

ಕೋರ್ ಲೆಕ್ಕ ನಿಜ. ಬೇಸ್ ಸ್ಪೀಡ್ ಮಾತೂ ನಿಜ: 5700Xದು 3.4, ಇದರದು 3.7. ಬೂಸ್ಟ್ ಎರಡಕ್ಕೂ 4.6. ಆದರೆ ಅಷ್ಟಕ್ಕೇ ಎರಡೂ ಒಂದೇ ಆಗುವುದಿಲ್ಲ. ರೈಜೆನ್ 7 5700 ಅನ್ನುವುದು 5700G ಚಿಪ್ಪಿನಿಂದ ಗ್ರಾಫಿಕ್ಸ್ ಭಾಗ ಬಂದ್ ಮಾಡಿ ತಂದ ಮಾಡೆಲ್. 5700X ಬೇರೆಯದೇ ವಿನ್ಯಾಸ. 5700Xನಲ್ಲಿ ಎಲ್3 ಕ್ಯಾಶ್ 32 ಎಂಬಿ, ಇದರಲ್ಲಿ 16 ಎಂಬಿ, ಸರಿಯಾಗಿ ಅರ್ಧ. ಎಸ್‌ಎಸ್‌ಡಿಗೂ ಗ್ರಾಫಿಕ್ಸ್ ಕಾರ್ಡಿಗೂ ಡೇಟಾ ಓಡಾಡುವ ದಾರಿ ಪಿಸಿಐಇ. 5700X ಅದರ 4.0 ಕೊಡುತ್ತದೆ, ಇದು ಅರ್ಧ ವೇಗದ 3.0ಕ್ಕೇ ನಿಲ್ಲುತ್ತದೆ. ಈ ಎರಡನೇ ವ್ಯತ್ಯಾಸವೇ ನನಗೆ ದೊಡ್ಡ ಪೆಟ್ಟು.

ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಈ ಕೆಲಸಕ್ಕೆಂದೇ ಬಿ550 ಮದರ್‌ಬೋರ್ಡ್, ಸೆಕೆಂಡಿಗೆ 7,000 ಎಂಬಿ ಓದುವ ಪಿಸಿಐಇ 4.0 ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060 ಕಾರ್ಡ್ ತೆಗೆದುಕೊಂಡಿದ್ದೇನೆ. ಬಿ550ನಲ್ಲಿ ಮುಖ್ಯ ಎಂ.2 ಸ್ಲಾಟಿಗೂ ಗ್ರಾಫಿಕ್ಸ್ ಸ್ಲಾಟಿಗೂ ಲೇನ್ ಬರುವುದು ನೇರ ಪ್ರೊಸೆಸರ್‌ನಿಂದ. ನೀವು ಕಳಿಸಿದ ಚಿಪ್ ಹಾಕಿದರೆ ಎರಡೂ 3.0ಕ್ಕೆ ಇಳಿಯುತ್ತವೆ. ಆ ಎಸ್‌ಎಸ್‌ಡಿ 3,500ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. 4060 ಕಾರ್ಡಿಗೆ ಮೊದಲೇ ಎಂಟೇ ಲೇನ್, ಅದರ ದಾರಿಯೂ ಅರ್ಧವಾಗುತ್ತದೆ. ಜಾಸ್ತಿ ದುಡ್ಡು ಕೊಟ್ಟು ತಂದ ಸಾಮಾನು ಅರ್ಧ ವೇಗದಲ್ಲಿ ಓಡಲಿ ಅಂತ ಯಾರಾದರೂ ಒಪ್ಪುತ್ತಾರಾ? ಕಾರ್ತಿಕ ಮುಗಿಯುತ್ತಿದೆ, ಮದುವೆ ಕೆಲಸ ಕೈತುಂಬ ಇದೆ. ಹಳೇ ಯಂತ್ರದಲ್ಲಿ 4ಕೆ ಫೂಟೇಜ್ ಟೈಮ್‌ಲೈನಿಗೆ ಹಾಕಿದರೆ ತಡವರಿಸುತ್ತದೆ. ಅದಕ್ಕೇ ಅಲ್ವಾ ಹೊಸದು ಕಟ್ಟಿಸಲು ಹೊರಟಿದ್ದು.

ಕೂಲರ್ ವಿಷಯಕ್ಕೆ ಬಂದರೆ, 5700X ಜೊತೆ ಕೂಲರ್ ಬರುವುದಿಲ್ಲ ಅಂತ ಗೊತ್ತಿದ್ದೇ ಒಳ್ಳೆಯದೊಂದನ್ನು ಬೇರೆ ಕೊಂಡಿದ್ದೇನೆ. ಡಬ್ಬಿಯಲ್ಲಿರುವ ಕೂಲರ್ ನನಗೆ ಉಪಯೋಗಕ್ಕಿಲ್ಲ. ಇನ್ನು ಕೂಪನ್. ನಿಮ್ಮದೇ ಸೈಟಿನಲ್ಲಿ 5700 ಬೆಲೆ ₹11,299 ಇದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ವ್ಯತ್ಯಾಸವೇ ₹2,200. ಇಲ್ಲಿ ₹500 ಕೂಪನ್ ಯಾವ ಲೆಕ್ಕ? ವ್ಯತ್ಯಾಸದ ಹಣ ಪೂರ್ತಿ ಕೊಟ್ಟರೂ ಈ ಚಿಪ್ ನನ್ನ ಕೆಲಸಕ್ಕೆ ಆಗುವುದಿಲ್ಲ.

ವಾರಂಟಿ ತೊಂದರೆಯೂ ಇದೆ. ಡಬ್ಬಿಯಲ್ಲಿ ಬರುವ ಎಎಂಡಿ ಪ್ರೊಸೆಸರ್‌ಗಳಿಗೆ 3 ವರ್ಷ ವಾರಂಟಿ. ನಾಳೆ ಏನಾದರೂ ಕೆಟ್ಟರೆ ಬಿಲ್ಲಿನಲ್ಲಿ ಒಂದು ಮಾಡೆಲ್, ಕೈಯಲ್ಲಿ ಇನ್ನೊಂದು. ಆಗ ನನ್ನ ಮಾತು ಯಾರು ಕೇಳುತ್ತಾರೆ?

"ರಿಟರ್ನ್ ಇಲ್ಲ" ಅನ್ನುವುದು ನನಗೆ ಮನಸ್ಸು ಬದಲಾಗಿ ವಾಪಸ್ ಕಳಿಸುತ್ತಿದ್ದರೆ ನೀವು ಹೇಳಬಹುದಾದ ಮಾತು. ತಪ್ಪು ಮಾಲು ಬಂದಾಗ ಅದು ನಡೆಯುವುದಿಲ್ಲ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಇದನ್ನು ನೇರವಾಗಿ ಹೇಳುತ್ತವೆ. ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲು, ಹಣ ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದೂ ಅದೇ ನಿಯಮಗಳಲ್ಲಿದೆ.

ನಾನು ಕೇಳುವುದು ಇಷ್ಟೇ. ಸೀಲ್ ಇರುವ ಹೊಸ ರೈಜೆನ್ 7 5700X ಕಳಿಸಿ, ಕಳಿಸುವ ಮೊದಲು ಲೇಬಲ್ಲಿನ ಪಾರ್ಟ್ ನಂಬರ್ ಫೋಟೋ ಮೇಲ್ ಮಾಡಿ. ಈಗಿರುವ ಡಬ್ಬಿಯನ್ನು ನಿಮ್ಮ ಖರ್ಚಿನಲ್ಲಿ ನನ್ನ ವಿಳಾಸದಿಂದ ಒಯ್ಯಿರಿ. 5700X ಸ್ಟಾಕ್ ಇಲ್ಲವಾದರೆ ಸುಮ್ನೆ ಕಾಯಿಸಬೇಡಿ, ₹13,499 ಪೂರ್ತಿ ನಾನು ಪಾವತಿಸಿದ ಬ್ಯಾಂಕ್ ಖಾತೆಗೇ ಹಾಕಿ. ನಿಮ್ಮ ವಾಲೆಟ್ಟಿಗೆ ಹಾಕಿದರೆ ಒಪ್ಪುವುದಿಲ್ಲ. ಈ ಎರಡರಲ್ಲಿ ಒಂದು ನವೆಂಬರ್ 25ರೊಳಗೆ ಆಗಬೇಕು.

ಜೊತೆಗೆ ನಿಮ್ಮ ಗೋದಾಮಿನಲ್ಲಿ ಈ ಎರಡು ಮಾಡೆಲ್ ಒಂದೇ ಕಪಾಟಿನಲ್ಲಿದ್ದರೆ ದಯವಿಟ್ಟು ಬೇರೆ ಮಾಡಿಸಿ. ಚಿಪ್ ಬೋರ್ಡಿಗೆ ಸರಿಯಾಗಿ ಕೂರುತ್ತದೆ, ಕಂಪ್ಯೂಟರ್ ಆನ್ ಆಗುತ್ತದೆ, ಎಂಟು ಕೋರ್ ತೋರಿಸುತ್ತದೆ. ಲೇಬಲ್ ನೋಡದ ಗ್ರಾಹಕನಿಗೆ ತನಗೆ ಬೇರೆ ಮಾಲು ಬಂದಿದೆ ಅಂತ ಗೊತ್ತೇ ಆಗುವುದಿಲ್ಲ. ಬೇರೆಯವರಿಗೂ ಹೀಗೆ ಹೋಗಿರಬಹುದು, ಅವರನ್ನೂ ನೀವೇ ಸಂಪರ್ಕಿಸಬೇಕು.

25ರೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಹಾವೇರಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಬರಬೇಕಿಲ್ಲ. ಅಲ್ಲಿ ಬೆಲೆಯ ಜೊತೆ ನನಗಾದ ನಷ್ಟಕ್ಕೂ ಪರಿಹಾರ ಕೇಳುತ್ತೇನೆ.

ಪಿಕಪ್ ಹುಡುಗನನ್ನು ಯಾವಾಗ ಕಳಿಸುತ್ತೀರಿ ಅಂತ ಆರ್ಡರ್‌ನಲ್ಲಿರುವ ಮೊಬೈಲಿಗೆ ತಿಳಿಸಿ. ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಸ್ಟುಡಿಯೋದಲ್ಲೇ ಇರುತ್ತೇನೆ.

ಇಂತಿ,
ಮಂಜುನಾಥ ಹಿರೇಮಠ

ಲಗತ್ತು: ಬಿಲ್ ಪ್ರತಿ, ಆರ್ಡರ್ ಖಚಿತಪಡಿಸಿದ ಮೇಲ್, ಯುಪಿಐ ರಸೀದಿ, ಡಬ್ಬಿಯ ಲೇಬಲ್ ಮತ್ತು ಕಿಟಕಿಯ ಫೋಟೋ, ಪಾರ್ಸೆಲ್ ಬಿಚ್ಚಿದ ವಿಡಿಯೋ, 5700 ಬೆಲೆಯ ಸ್ಕ್ರೀನ್‌ಶಾಟ್