ಕಪ್ಪೆ ಅರಭಟ್ಟನ ಶಾಸನ, ಇವತ್ತಿನ ಮಾತಿನಲ್ಲಿ

(ಪುಣೆಯ ನಮ್ಮ ಭಾನುವಾರದ ಓದುಕೂಟಕ್ಕೆ. ಬಾದಾಮಿಗೆ ಹೊರಡುವ ಮೊದಲು ಎಲ್ಲರೂ ಒಮ್ಮೆ ಓದಿಕೊಂಡು ಬನ್ನಿ.)

ಬಾದಾಮಿಯ ಕೆರೆ ಹತ್ತಿರದ ಬಂಡೆಯಲ್ಲಿ ಕೆತ್ತಿದ ಈ ಬರಹ ಸುಮಾರು ಕ್ರಿ.ಶ. 700ರದು. ನಮಗೆ ಸಿಕ್ಕ ತುಂಬ ಹಳೆಯ ತ್ರಿಪದಿಗಳು ಇದರಲ್ಲಿವೆ. ಅರಭಟ್ಟ ಅರಸನೋ, ದಂಡಿನವನೋ, ಶಾಸನ ಹೇಳುವುದಿಲ್ಲ. ಅವನ ಸ್ವಭಾವವನ್ನಷ್ಟೇ ಹೇಳುತ್ತದೆ. ಒಳ್ಳೆಯವರಿಗೆ ಬೇಕಾದವನು, ಕೆಟ್ಟವರನ್ನು ಹತ್ತಿರ ಸೇರಿಸದವನು ಅಂತ ಶುರು. ಆಮೇಲೆ ಒಂದು ಸಂಸ್ಕೃತ ಶ್ಲೋಕ: ಸಾವಾದರೂ ಬರಲಿ, ಮಾನ ಹೋಗುವುದು ಬೇಡ, ಸಾವಿನ ನೋವು ಒಂದು ಗಳಿಗೆ, ಮಾನ ಹೋದ ನೋವು ದಿನದಿನವೂ. ಮುಂದಿನದು ಕನ್ನಡ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು. ಸವಿಯಾಗಿ ನಡೆದವರಿಗೆ ಸವಿ. ಕಾಡುವ ಕಲಿಗೆ ಮಾತ್ರ ಎದುರು ನಿಲ್ಲುವವನು, ಈ ಕಲಿಗಾಲಕ್ಕೇ ತಿರುಗಿಬಿದ್ದವನು. ಈತ ಸಾಕ್ಷಾತ್ ಮಾಧವ, ಬೇರೆ ಯಾರೂ ಅಲ್ಲ.

ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮದರಂತೆ
ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತಮ್
ಇಲ್ಲಿ ಸಂಧಿಕ್ಕುಮದು ಬಂದು

ಒಳ್ಳೆಯದನ್ನು ಮಾಡುವವರು ಯಾರು? ಕೆಟ್ಟದ್ದನ್ನೂ ಹಾಗೇ, ಮಾಡುವವರು ಯಾರು? ಹಿಂದೆ ಮಾಡಿದ್ದರ ಬಲ ದೊಡ್ಡದು. ಅದು ತಾನಾಗೇ ಬಂದು ಇಲ್ಲೇ ಎದುರಾಗುತ್ತದೆ.

ಈ ಪದ್ಯದ ಅನ್ವಯದಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಸುಮ್ನೆ ಎಳೆದಾಡದೆ ಸರಳವಾಗಿ ಕಂಡದ್ದನ್ನು ಹಿಡಿದಿದ್ದೇನೆ. 'ವಿಪರೀತಾ' ಅಂದರೆ ಅರಭಟ್ಟನನ್ನೇ ಕರೆದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ಅದು ಜಾಸ್ತಿಯಾಯಿತು ಅನಿಸಿ ಬಿಟ್ಟೆ. ಬೇಕೆಂದವರು ಸೇರಿಸಿಕೊಳ್ಳಿ.

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರವಿಚಾರಂ

ಕಟ್ಟಿಹಾಕಿದ ಸಿಂಹವನ್ನು "ಇದರಿಂದ ನಮಗೇನು ಕೇಡು?" ಅಂತ ಯಾರೋ ಬಿಚ್ಚಿಬಿಟ್ಟ ಹಾಗಾಯಿತು. ಕಲಿಗೆ ತಿರುಗಿಬಿದ್ದವನ ಹಗೆಗಳು ಹಾಳಾದರು, ಸತ್ತೂ ಹೋದರು. ಹಿಂದುಮುಂದು ಯೋಚಿಸಲಿಲ್ಲ ನೋಡಿ.

ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ. ಇಲ್ಲಿ ಅರಭಟ್ಟ ಕೈಯೆತ್ತುವುದೇ ಇಲ್ಲ. ಕತ್ತಿಯಿಲ್ಲ, ಕಾಳಗವಿಲ್ಲ. ಹಗ್ಗ ಬಿಚ್ಚಿದವರು ಹಗೆಗಳೇ. "ನಮಗೇನು ಕೇಡು" ಅನ್ನುವ ಉಡಾಫೆಯಲ್ಲೇ ಅವರ ಕಥೆ ಮುಗಿಯಿತು. ಅದಕ್ಕೇ ಆ ಮಾತನ್ನು ಅವರ ಬಾಯಲ್ಲೇ ಇಟ್ಟಿದ್ದೇನೆ. ವಿವರಣೆ ಮಾಡಿದ್ದರೆ ಕುಹಕ ಸತ್ತುಹೋಗುತ್ತಿತ್ತು, ಅಲ್ವಾ?

ಬಂಡೆಯ ಮುಂದೆ ಹಳೆಯ ಸಾಲುಗಳನ್ನು ದೊಡ್ಡವರು ಓದಲಿ, ಹೊಸ ಮಾತನ್ನು ಮಕ್ಕಳು ಹೇಳಲಿ. ಶಾಲೆಯಲ್ಲಿ ಮರಾಠಿ ಕಲಿತು ಕನ್ನಡ ಅಕ್ಷರ ತಡವರಿಸುವ ಮಕ್ಕಳಿಗಾಗಿ ಹೊಸ ಮಾತನ್ನು ದೇವನಾಗರಿಯಲ್ಲೂ ಬರೆಸಿ ತರುತ್ತೇನೆ.