ಪ್ರಯೋಗ ವರದಿ: ಸುಕ್ರೋಸ್ ದ್ರಾವಣದ ಸಾರತೆ ಮತ್ತು ಆಲೂಗಡ್ಡೆ ತುಂಡುಗಳ ತೂಕದ ಬದಲಾವಣೆ

ಉದ್ದೇಶ

ಬೇರೆ ಬೇರೆ ಸಾರತೆಯ ಸುಕ್ರೋಸ್ ದ್ರಾವಣಗಳಲ್ಲಿ ಇಟ್ಟ ಆಲೂಗಡ್ಡೆ ತುಂಡುಗಳ ತೂಕ ಶೇಕಡಾ ಎಷ್ಟು ಬದಲಾಗುತ್ತದೆ ಎಂದು ಅಳೆಯುವುದು. ತೂಕ ಹೆಚ್ಚದೆಯೂ ಇಳಿಯದೆಯೂ ಉಳಿಯುವ ಸಾರತೆಯನ್ನು ಗ್ರಾಫ್‌ನಿಂದ ಕಂಡುಕೊಂಡು, ಆ ಮೂಲಕ ಈ ಆಲೂಗಡ್ಡೆಯ ಅಂಗಾಂಶದ ಜಲವಿಭವವನ್ನು ಅಂದಾಜು ಮಾಡುವುದು.

(ಕಟ್ಟುನಿಟ್ಟಾಗಿ ಹೇಳಿದರೆ ನಾವು ಅಳೆದದ್ದು ದ್ರವ್ಯರಾಶಿ. ತಕ್ಕಡಿಯ ಮುಂದೆ ನಿಂತವರೆಲ್ಲ ತೂಕವೆಂದೇ ಹೇಳುವುದರಿಂದ ವರದಿಯಲ್ಲೂ ಆ ಪದವನ್ನೇ ಉಳಿಸಿಕೊಂಡಿದ್ದೇನೆ.)

ಹಿನ್ನೆಲೆ ಮತ್ತು ಊಹೆ

ಅರೆಪಾರಕ ಪೊರೆಯ ಮೂಲಕ ನೀರು ಹೆಚ್ಚು ಜಲವಿಭವವಿರುವ ಕಡೆಯಿಂದ ಕಡಿಮೆ ಜಲವಿಭವವಿರುವ ಕಡೆಗೆ ಚಲಿಸುವುದೇ ಅಭಿಸರಣೆ. ಶುದ್ಧ ನೀರಿನ ಜಲವಿಭವ ಸೊನ್ನೆ. ಸಕ್ಕರೆ ಕರಗಿದಷ್ಟೂ ಅದು ಋಣಾತ್ಮಕವಾಗುತ್ತ ಹೋಗುತ್ತದೆ. ಜೀವಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಸುಕ್ರೋಸ್ ಅಣುವನ್ನು ಬಹುಮಟ್ಟಿಗೆ ತಡೆಯುತ್ತದೆ. ಹೊರಗಿನ ಕೋಶಭಿತ್ತಿ ಎರಡನ್ನೂ ಬಿಡುತ್ತದೆ. ಈ ಕೊನೆಯ ಮಾತು ಫಲಿತಾಂಶವನ್ನು ವಿವರಿಸುವಾಗ ಮತ್ತೆ ಬೇಕಾಗುತ್ತದೆ.

ಆದ್ದರಿಂದ ಸಾರತೆ ಕಡಿಮೆಯಿರುವ ದ್ರಾವಣಗಳಲ್ಲಿ ತುಂಡುಗಳ ತೂಕ ಹೆಚ್ಚುತ್ತದೆ, ಹೆಚ್ಚು ಸಾರತೆಯವುಗಳಲ್ಲಿ ಇಳಿಯುತ್ತದೆ, ನಡುವೆ ಎಲ್ಲೋ ಒಂದು ಕಡೆ ಬದಲಾವಣೆ ಸೊನ್ನೆಯಾಗುತ್ತದೆ ಎಂಬುದು ನನ್ನ ಊಹೆ.

ಚರಗಳು

ಸ್ವತಂತ್ರ ಚರ ಸುಕ್ರೋಸ್‌ನ ಸಾರತೆ: 0.0, 0.2, 0.4, 0.6, 0.8 ಮತ್ತು 1.0 ಮೋಲ್/ಲೀಟರ್. ಅವಲಂಬಿತ ಚರ ತೂಕದ ಶೇಕಡಾ ಬದಲಾವಣೆ. ತುಂಡುಗಳ ಉದ್ದ, ವ್ಯಾಸ, ದ್ರಾವಣದ ಪರಿಮಾಣ ಮತ್ತು ಮುಳುಗಿಸಿಟ್ಟ ಅವಧಿಯನ್ನು ಒಂದೇ ಆಗಿರಿಸಿದೆ. ಎಲ್ಲ ತುಂಡುಗಳೂ ಒಂದೇ ಆಲೂಗಡ್ಡೆಯವು.

ಸಾಮಗ್ರಿಗಳು

ಒಂದು ದೊಡ್ಡ ಆಲೂಗಡ್ಡೆ, 7 ಮಿ.ಮೀ. ಒಳವ್ಯಾಸದ ಕಾರ್ಕ್ ಬೋರರ್, ಬ್ಲೇಡ್, ಅಳತೆಪಟ್ಟಿ, ಬಿಳಿ ಟೈಲ್, 18 ಅಗಲವಾದ ಪ್ರನಾಳಗಳು ಮತ್ತು ಸ್ಟ್ಯಾಂಡ್, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಸುಕ್ರೋಸ್, ಭಟ್ಟಿ ಇಳಿಸಿದ ನೀರು, ಪಿಪೆಟ್, ಅಳತೆ ಜಾಡಿ, ಮುಚ್ಚಳವಿರುವ ಪೆಟ್ರಿ ತಟ್ಟೆ, ಇಕ್ಕುಳ, ಟಿಶ್ಯೂ ಕಾಗದ, ತಾಪಮಾಪಕ, ನಿಲ್ಲಿಸುವ ಗಡಿಯಾರ.

ವಿಧಾನ

1. 85.6 ಗ್ರಾಂ ಸುಕ್ರೋಸನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಒಟ್ಟು ಪರಿಮಾಣವನ್ನು 250 ಮಿ.ಲೀ.ಗೆ ತಂದು 1.0 ಮೋಲ್/ಲೀಟರ್ ಮೂಲದ್ರಾವಣ ತಯಾರಿಸಲಾಯಿತು. (250 ಮಿ.ಲೀ. ನೀರಿಗೆ ಸಕ್ಕರೆ ಸುರಿದರೆ ಪರಿಮಾಣ ಹೆಚ್ಚಾಗಿ ಸಾರತೆ ಕಡಿಮೆಯಾಗುತ್ತದೆ. ಮೊದಲ ಸಲ ನಾನು ಮಾಡಿದ್ದು ಇದನ್ನೇ. ಚೆಲ್ಲಿ ಮತ್ತೆ ಮಾಡಬೇಕಾಯಿತು.)

2. ಮೂಲದ್ರಾವಣವನ್ನು ನೀರಿನೊಂದಿಗೆ ಬೆರೆಸಿ ಪ್ರತಿ ಸಾರತೆಯ 50 ಮಿ.ಲೀ. ದ್ರಾವಣ ಮಾಡಿಕೊಳ್ಳಲಾಯಿತು. ಉದಾಹರಣೆಗೆ 0.2ಕ್ಕೆ 10 ಮಿ.ಲೀ. ಮೂಲದ್ರಾವಣ ಮತ್ತು 40 ಮಿ.ಲೀ. ನೀರು, 0.6ಕ್ಕೆ 30 ಮತ್ತು 20. 0.0 ಎಂದರೆ ಬರೀ ನೀರು.

3. ಪ್ರನಾಳಗಳಿಗೆ 1ರಿಂದ 18ರವರೆಗೆ ಸಂಖ್ಯೆ ಬರೆದು, ಪ್ರತಿ ಸಾರತೆಗೆ ಮೂರರಂತೆ, ಒಂದೊಂದಕ್ಕೂ 15 ಮಿ.ಲೀ. ದ್ರಾವಣ ಹಾಕಲಾಯಿತು.

4. ಕಾರ್ಕ್ ಬೋರರ್‌ನಿಂದ ತೆಗೆದ ತುಂಡುಗಳ ಎರಡೂ ತುದಿಗಳ ಸಿಪ್ಪೆಯನ್ನು ಕತ್ತರಿಸಿ, ಉದ್ದವನ್ನು 40 ಮಿ.ಮೀ.ಗೆ ಸರಿಪಡಿಸಲಾಯಿತು. ಒಣಗದಂತೆ ತುಂಡುಗಳನ್ನು ಮುಚ್ಚಿದ ಪೆಟ್ರಿ ತಟ್ಟೆಯಲ್ಲಿಡಲಾಯಿತು.

5. ಪ್ರತಿ ತುಂಡನ್ನು ಟಿಶ್ಯೂ ಕಾಗದದ ಮೇಲೆ ಹಗುರವಾಗಿ ಉರುಳಿಸಿ, ತೂಗಿ, ಅದರದೇ ಪ್ರನಾಳಕ್ಕೆ ಹಾಕಲಾಯಿತು. ಒಂದು ಸಾರತೆಯ ಮೂರು ತುಂಡುಗಳ ನಂತರ ಮುಂದಿನ ಸಾರತೆಯ ಮೂರು, ಎರಡು ನಿಮಿಷಗಳ ಅಂತರದಲ್ಲಿ.

6. ಪ್ರತಿ ಗುಂಪನ್ನೂ 90 ನಿಮಿಷ ಬಿಡಲಾಯಿತು. ಪ್ರತಿ 15 ನಿಮಿಷಕ್ಕೊಮ್ಮೆ ಪ್ರನಾಳಗಳನ್ನು ಮೆಲ್ಲಗೆ ಅಲ್ಲಾಡಿಸಲಾಯಿತು.

7. ಹಾಕಿದ ಕ್ರಮದಲ್ಲೇ, ಅದೇ ಎರಡು ನಿಮಿಷಗಳ ಅಂತರದಲ್ಲಿ ಹೊರತೆಗೆದು, ಕಾಗದದ ಮೇಲೆ ಉರುಳಿಸಿ ಮತ್ತೆ ತೂಗಲಾಯಿತು. ಕೋಣೆಯ ಉಷ್ಣತೆ ಆರಂಭದಲ್ಲಿ 24 °C, ಕೊನೆಯಲ್ಲಿ 25.5 °C.

ಸುರಕ್ಷತೆ: ಬೋರರನ್ನು ಅಂಗೈಯತ್ತ ಒತ್ತದೆ, ಆಲೂಗಡ್ಡೆಯನ್ನು ಟೈಲ್ ಮೇಲಿಟ್ಟು ಕೆಳಮುಖವಾಗಿ ಒತ್ತಲಾಯಿತು.

ಫಲಿತಾಂಶ

ಶೇಕಡಾ ಬದಲಾವಣೆ = (ಕೊನೆಯ ತೂಕ − ಆರಂಭದ ತೂಕ) ÷ ಆರಂಭದ ತೂಕ × 100

1ನೆಯ ಪ್ರನಾಳಕ್ಕೆ: (1.83 − 1.62) ÷ 1.62 × 100 = +13.0

| ಸಾರತೆ (ಮೋಲ್/ಲೀಟರ್) | ಪ್ರನಾಳ | ಆರಂಭದ ತೂಕ (ಗ್ರಾಂ) | ಕೊನೆಯ ತೂಕ (ಗ್ರಾಂ) | ಬದಲಾವಣೆ (%) | ಸರಾಸರಿ (%) |
|---|---|---|---|---|---|
| 0.0 | 1 | 1.62 | 1.83 | +13.0 | +12.6 |
| | 2 | 1.58 | 1.77 | +12.0 | |
| | 3 | 1.65 | 1.86 | +12.7 | |
| 0.2 | 4 | 1.60 | 1.68 | +5.0 | +5.0 |
| | 5 | 1.63 | 1.70 | +4.3 | |
| | 6 | 1.57 | 1.66 | +5.7 | |
| 0.4 | 7 | 1.61 | 1.55 | −3.7 | −3.4 |
| | 8 | 1.59 | 1.54 | −3.1 | |
| | 9 | 1.64 | 1.66 | +1.2* | |
| 0.6 | 10 | 1.62 | 1.45 | −10.5 | −10.5 |
| | 11 | 1.56 | 1.41 | −9.6 | |
| | 12 | 1.60 | 1.42 | −11.3 | |
| 0.8 | 13 | 1.59 | 1.35 | −15.1 | −15.1 |
| | 14 | 1.63 | 1.37 | −16.0 | |
| | 15 | 1.61 | 1.38 | −14.3 | |
| 1.0 | 16 | 1.60 | 1.31 | −18.1 | −18.0 |
| | 17 | 1.58 | 1.31 | −17.1 | |
| | 18 | 1.64 | 1.33 | −18.9 | |

\* ಅಸಂಗತ ಅಳತೆ, ಸರಾಸರಿಯಲ್ಲಿ ಸೇರಿಸಿಲ್ಲ. ಕಾರಣ ಮೌಲ್ಯಮಾಪನದಲ್ಲಿದೆ.

ಗ್ರಾಂಗಳ ಬದಲು ಶೇಕಡಾವಾರು ಲೆಕ್ಕ ಹಾಕಿದ್ದೇಕೆಂದರೆ, ಉದ್ದ ಒಂದೇ ಇದ್ದರೂ ತುಂಡುಗಳ ಆರಂಭದ ತೂಕ 1.56ರಿಂದ 1.65 ಗ್ರಾಂವರೆಗೆ ಇತ್ತು.

ಕಣ್ಣಿಗೆ, ಕೈಗೆ ಸಿಕ್ಕಿದ್ದು: ನೀರಿನಲ್ಲಿದ್ದ ತುಂಡುಗಳು ಬಿರುಸಾಗಿದ್ದವು, ಬಾಗಿಸಿದರೆ ಟಪ್ಪೆಂದು ಮುರಿದವು. 1.0ರಲ್ಲಿದ್ದವು ಎರಡು ತುದಿಗಳನ್ನು ಹಿಡಿದು ಬಾಗಿಸಿದರೂ ಮುರಿಯದೆ ರಬ್ಬರಿನಂತೆ ಬಳುಕಿದವು.

ಗ್ರಾಫ್

ಅಡ್ಡ ಅಕ್ಷದಲ್ಲಿ ಸಾರತೆ (ಮೋಲ್/ಲೀಟರ್), ಲಂಬ ಅಕ್ಷದಲ್ಲಿ ತೂಕದ ಸರಾಸರಿ ಬದಲಾವಣೆ (%). ಗ್ರಾಫ್ ಹಾಳೆಯಲ್ಲಿ ಬಿಡಿಸಿದ್ದರ ಸ್ಥೂಲ ರೂಪ ಹೀಗಿದೆ:

```
+15 |
    *
+10 |
    |
 +5 |     *
    |
  0 +-----+-----+-----+-----+-----+
    |    0.2   0.4   0.6   0.8   1.0
 -5 |           *
    |
-10 |                 *
    |
-15 |                       *
    |                             *
-20 |
```

ಬಿಂದುಗಳನ್ನು ಅಳತೆಪಟ್ಟಿಯಿಂದ ಒಂದಕ್ಕೊಂದು ಜೋಡಿಸದೆ ನಯವಾದ ವಕ್ರರೇಖೆ ಎಳೆದಿದ್ದೇನೆ. ಪ್ರತಿ ಬಿಂದುವಿನ ಮೇಲೆ ಕೆಳಗೆ ಎಳೆದ ಗೆರೆಗಳು ಆ ಗುಂಪಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳನ್ನು ತೋರಿಸುತ್ತವೆ. ಯಾವ ಎರಡು ಗುಂಪುಗಳ ಗೆರೆಗಳೂ ಒಂದರ ಮೇಲೊಂದು ಬರುವುದಿಲ್ಲ. ರೇಖೆ ಸೊನ್ನೆಯನ್ನು ದಾಟುವುದು 0.32 ಮೋಲ್/ಲೀಟರ್ನಲ್ಲಿ.

ತೀರ್ಮಾನ

ಸಾರತೆ ಹೆಚ್ಚಿದಂತೆ ತುಂಡುಗಳ ತೂಕ +12.6%ನಿಂದ −18.0%ವರೆಗೆ ನಿರಂತರವಾಗಿ ಇಳಿದಿದೆ. ಊಹೆಯನ್ನು ಫಲಿತಾಂಶ ಬೆಂಬಲಿಸುತ್ತದೆ.

0.32ರಲ್ಲಿ ಒಳಹೋಗುವ ನೀರೂ ಹೊರಬರುವ ನೀರೂ ಸಮ. ನೀರಿನ ಚಲನೆ ನಿಂತಿರುವುದಿಲ್ಲ, ನಿವ್ವಳ ಚಲನೆ ಮಾತ್ರ ಸೊನ್ನೆಯಾಗಿರುತ್ತದೆ. ಅಂದರೆ ಆ ದ್ರಾವಣದ ಜಲವಿಭವವೇ ಅಂಗಾಂಶದ ಜಲವಿಭವ. ψ = −iCRT ಸೂತ್ರದಲ್ಲಿ i = 1, C = 0.32 ಮೋಲ್/ಲೀಟರ್, T = 297 ಕೆಲ್ವಿನ್ ಎಂದಿಟ್ಟರೆ ಸುಮಾರು −0.79 ಮೆಗಾಪಾಸ್ಕಲ್ ಬರುತ್ತದೆ. ಸೂತ್ರವು ಆದರ್ಶ ದ್ರಾವಣಕ್ಕೆ ಹೊಂದುವಂಥದ್ದು. ಸುಕ್ರೋಸ್ ದ್ರಾವಣದ ನಿಜವಾದ ಬೆಲೆ ಇದಕ್ಕಿಂತ ತುಸು ಹೆಚ್ಚು ಋಣಾತ್ಮಕ.

"ಕೋಶರಸದ ಸಾರತೆ 0.32" ಎಂದು ಬರೆಯುವ ಆಸೆಯಾಗುತ್ತದೆ. ಅದು ತಪ್ಪು. ಅಂಗಾಂಶದ ಜಲವಿಭವದಲ್ಲಿ ಕೋಶರಸದ ಪಾಲಿನ ಜೊತೆಗೆ ಕೋಶಭಿತ್ತಿಯ ಮರುಒತ್ತಡದ ಪಾಲೂ ಇದೆ. ಒತ್ತಡವು ಜಲವಿಭವವನ್ನು ಮೇಲಕ್ಕೆತ್ತುವುದರಿಂದ, ತುಂಡು ಬಿರುಸಾಗಿರುವವರೆಗೆ ಕೋಶರಸದ ಸಾರತೆ 0.32ಕ್ಕಿಂತ ಹೆಚ್ಚೇ ಇರಬೇಕು.

ರೇಖೆಯ ಬಲತುದಿ ಚಪ್ಪಟೆಯಾಗಿರುವುದನ್ನೂ ವಿವರಿಸಬೇಕು. 0.2ರಿಂದ 0.4ಕ್ಕೆ ಹೋಗುವಾಗ ಸರಾಸರಿ 8.4 ಅಂಶ ಇಳಿದರೆ, 0.8ರಿಂದ 1.0ಕ್ಕೆ ಇಳಿದದ್ದು 2.9 ಮಾತ್ರ. ಪೊರೆ ಭಿತ್ತಿಯಿಂದ ಬಿಟ್ಟುಕೊಂಡು ಒಳಸರಿದಾಗ, ಅಂದರೆ ಪ್ಲಾಸ್ಮೋಲಿಸಿಸ್ ಆದಾಗ, ನಡುವಿನ ಜಾಗಕ್ಕೆ ಹೊರಗಿನ ಸಕ್ಕರೆ ದ್ರಾವಣ ನುಗ್ಗುತ್ತದೆ. ಭಿತ್ತಿ ಅದನ್ನು ತಡೆಯುವುದಿಲ್ಲ. ಕೋಶ ನೀರು ಕಳೆದುಕೊಳ್ಳುತ್ತಿದ್ದರೂ ತಕ್ಕಡಿಗೆ ಅದು ಪೂರ್ತಿ ಕಾಣುವುದಿಲ್ಲ. ಇದು ನನ್ನ ವಿವರಣೆ. ಸೂಕ್ಷ್ಮದರ್ಶಕದಲ್ಲಿ ತುಂಡುಗಳನ್ನು ನೋಡಿಲ್ಲವಾದ್ದರಿಂದ ಪ್ಲಾಸ್ಮೋಲಿಸಿಸ್ ಆಗಿತ್ತು ಎಂಬುದಕ್ಕೆ ಈ ಪ್ರಯೋಗದಲ್ಲಿ ನೇರ ಸಾಕ್ಷ್ಯವಿಲ್ಲ.

ಮೌಲ್ಯಮಾಪನ

ಒಂಬತ್ತನೆಯ ಪ್ರನಾಳದ ತುಂಡು. ಜೊತೆಯ ಎರಡು ತುಂಡುಗಳು ಹಗುರಾದಾಗ ಇದೊಂದೇ ತೂಕ ಗಳಿಸಿತು. ಅದೇ ಪ್ರಮಾಣದಲ್ಲಿ ಇಳಿದಿದ್ದರೆ ಕೊನೆಗೆ 1.58 ಗ್ರಾಂ ಇರಬೇಕಿತ್ತು, ಸಿಕ್ಕಿದ್ದು 1.66. ತುಂಡಿನ ಹೊರಮೈ ವಿಸ್ತೀರ್ಣ ಸುಮಾರು 9.6 ಚದರ ಸೆಂ.ಮೀ. ಹೆಚ್ಚುವರಿ 0.08 ಗ್ರಾಂ ದ್ರಾವಣ ಆ ಮೈಮೇಲೆ ಸಮನಾಗಿ ಹರಡಿದರೆ ಅದರ ದಪ್ಪ ಸುಮಾರು 0.08 ಮಿ.ಮೀ., ತಲೆಗೂದಲಿನ ಆಸುಪಾಸು. ಅಷ್ಟು ತೆಳುವಾದ ಒದ್ದೆ ಸಾಕು, ಇಳಿಕೆ ಏರಿಕೆಯಾಗಿ ಕಾಣಲು. ತೂಗುವಾಗಲೇ "9: ಕಾಗದ ಆಗಲೇ ಒದ್ದೆ" ಎಂದು ಟಿಪ್ಪಣಿಯಲ್ಲಿ ಬರೆದಿದ್ದೆ, ಆದರೆ ಹೊಸ ಕಾಗದ ತೆಗೆದುಕೊಳ್ಳಲಿಲ್ಲ. ಎರಡು ನಿಮಿಷಗಳ ಅಂತರ ತಪ್ಪಬಾರದೆಂಬ ಆತುರ. ಲೆಕ್ಕ ಹಾಕಿ ನೋಡುವ ಹೊತ್ತಿಗೆ ತುಂಡುಗಳೆಲ್ಲ ಒಂದೇ ತಟ್ಟೆಯಲ್ಲಿ ಬೆರೆತಿದ್ದವು.

ಇಷ್ಟವಿಲ್ಲದ ಅಳತೆಯನ್ನು ಬಿಟ್ಟುಬಿಟ್ಟೆ ಎನ್ನಿಸಬಾರದೆಂದು ಅದನ್ನು ಸೇರಿಸಿಯೂ ನೋಡಿದೆ. 0.4ರ ಸರಾಸರಿ −1.9 ಆಗುತ್ತದೆ, ಸೊನ್ನೆ ದಾಟುವ ಬಿಂದು 0.34ಕ್ಕೆ ಸರಿಯುತ್ತದೆ. ಒಂದು ತುಂಡಿನ ಒದ್ದೆಮೈ ಉತ್ತರವನ್ನು 0.02ರಷ್ಟು ಅಲುಗಿಸಬಲ್ಲದು.

ತಕ್ಕಡಿಯದು ಇದಕ್ಕೆ ಹೋಲಿಸಿದರೆ ಚಿಕ್ಕ ದೋಷ. ಎರಡು ಸಲ ತೂಗುವುದರಿಂದ ವ್ಯತ್ಯಾಸದಲ್ಲಿ ±0.01 ಗ್ರಾಂ ಅನಿಶ್ಚಿತತೆ, ಅಂದರೆ ಸುಮಾರು ±0.6 ಶೇಕಡಾ ಅಂಶ. ಸೊನ್ನೆಯ ಹತ್ತಿರ ರೇಖೆ ಕಡಿದಾಗಿರುವುದರಿಂದ ಒಂದು ತುಂಡಿನ ಮಟ್ಟದಲ್ಲೂ ಅದು ±0.015 ಮೋಲ್/ಲೀಟರ್ ಮೀರುವುದಿಲ್ಲ.

90 ನಿಮಿಷಗಳಲ್ಲಿ ತುಂಡುಗಳು ಸಮತೋಲನಕ್ಕೆ ಬಂದಿದ್ದವೇ ಎಂಬುದನ್ನು ಪರೀಕ್ಷಿಸಿಲ್ಲ. ಬಾರದಿದ್ದರೆ ಎರಡು ತುದಿಗಳ ಬೆಲೆಗಳು ಇನ್ನೂ ದೂರ ಹೋಗುತ್ತಿದ್ದವು. ಸೊನ್ನೆಯ ಬಿಂದು ಮಾತ್ರ ಹೆಚ್ಚು ಕದಲುತ್ತಿರಲಿಲ್ಲ, ಏಕೆಂದರೆ ಅಲ್ಲಿ ನೀರಿಗೆ ಯಾವ ಕಡೆಗೂ ಎಳೆತವಿಲ್ಲ. ಉಷ್ಣತೆ 1.5 °C ಏರಿದ್ದು ಎಲ್ಲ ಪ್ರನಾಳಗಳಿಗೂ ಒಂದೇ ರೀತಿ ತಟ್ಟಿದೆ. ಎಲ್ಲ ತುಂಡುಗಳೂ ಒಂದೇ ಆಲೂಗಡ್ಡೆಯವಾದ್ದರಿಂದ ಹೋಲಿಕೆ ನ್ಯಾಯವಾಗಿದೆ, ಆದರೆ 0.32 ಎಂಬುದು ಈ ಆಲೂಗಡ್ಡೆಯ ಸಂಖ್ಯೆ, ಆಲೂಗಡ್ಡೆಗಳ ಸಂಖ್ಯೆಯಲ್ಲ.

ಮತ್ತೆ ಮಾಡುವುದಾದರೆ 0.8 ಮತ್ತು 1.0 ಅನ್ನು ಕೈಬಿಟ್ಟು ಆ ಶ್ರಮವನ್ನು 0.25, 0.30, 0.35ರ ಮೇಲೆ ಹಾಕುತ್ತೇನೆ, ಒಂದೊಂದಕ್ಕೂ ಆರು ತುಂಡುಗಳಂತೆ. ಈಗ 0.2 ಮತ್ತು 0.4ರ ನಡುವೆ ಒಂದು ಬಿಂದುವೂ ಇಲ್ಲ, ಉತ್ತರ ಇರುವುದೇ ಅಲ್ಲಿ. ಪ್ರತಿ ತುಂಡಿಗೂ ಹೊಸ ಕಾಗದ, ಅದರ ಮೇಲೆ ಮೂರೇ ಸುತ್ತು, ತುದಿಗಳಿಗೆ ಒಂದೊಂದು ಒತ್ತು. ಗುಂಪುಗಳ ನಡುವಿನ ಅಂತರ ಎರಡರ ಬದಲು ಐದು ನಿಮಿಷ. ತೂಗಿ ಮುಗಿದ ತುಂಡುಗಳನ್ನು ಲೆಕ್ಕವಾಗುವವರೆಗೆ ಅವುಗಳ ಪ್ರನಾಳಗಳ ಎದುರಿನಲ್ಲೇ ಇಡುತ್ತೇನೆ.